ಮಾತಿನ ನಡುವೆ ತಲೆ ಜಿಗಿಯದಿರಲು ಭಾನುವಾರ ಏನೇನು ಶೂಟ್ ಮಾಡಬೇಕು?

ಪ್ರಶ್ನೆ: ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ನಮ್ಮ ಚಿಕ್ಕಪ್ಪನನ್ನು ಕೂರಿಸಿಕೊಂಡು 42 ನಿಮಿಷ ಮಾತಾಡಿಸಿದ್ದೇನೆ. ಒಂದೇ ಕ್ಯಾಮೆರಾ, ಒಂದೇ ಕುರ್ಚಿ. 8 ನಿಮಿಷಕ್ಕೆ ಇಳಿಸಿದೆ, ಆದರೆ ಪ್ರತಿ ಕಟ್‌ನಲ್ಲೂ ತಲೆ ಜಿಗಿಯುತ್ತದೆ. ಕಟ್ ಇರುವ ಕಡೆಯೆಲ್ಲ ಗೊಂಬೆಗಳ ಫೋಟೋ ಹಾಕಿ ನೋಡಿದೆ, ಇನ್ನೂ ಕೆಟ್ಟದಾಯಿತು. ಆ ಫೈಲ್ ಕಳಿಸಿದ್ದೇನೆ. ಮುಂದಿನ ಭಾನುವಾರ ಮತ್ತೆ ಊರಿಗೆ ಹೋಗುತ್ತೇನೆ. ಮಾತಿನ ಮೇಲೆ ಹಾಕುವ ಬೇರೆ ಚಿತ್ರ, ಅಂದರೆ ಬಿ ರೋಲ್, ಏನೇನು ತೆಗೆಯಬೇಕು, ಎಷ್ಟು ತೆಗೆಯಬೇಕು?

ಉತ್ತರ:

ನಿಮ್ಮ ಫೈಲ್ ಎರಡು ಸಲ ನೋಡಿದೆ. ಮೊದಲ ಸಲ ಕಣ್ಣು ಬಿಟ್ಟು, ಎರಡನೇ ಸಲ ಕಣ್ಣು ಮುಚ್ಚಿ. ಕಣ್ಣು ಮುಚ್ಚಿ ಕೇಳಿದರೆ ನಿಮ್ಮ ಚಿಕ್ಕಪ್ಪ ಎಲ್ಲೂ ನಿಲ್ಲದೆ ಮಾತಾಡಿದ ಹಾಗೇ ಇದೆ. ಎರಡೇ ಎರಡು ಕಡೆ ಸ್ವರ ತಪ್ಪುತ್ತದೆ, ಅದನ್ನು ಆಮೇಲೆ ಹೇಳುತ್ತೇನೆ. ಅಂದರೆ ಕಷ್ಟದ ಕೆಲಸ ನೀವಾಗಲೇ ಮುಗಿಸಿದ್ದೀರಿ. 42 ನಿಮಿಷದಲ್ಲಿ ಯಾವ 8 ನಿಮಿಷ ಬೇಕು ಎಂದು ಕಿವಿಯಿಂದ ಆರಿಸಿದ್ದೀರಿ. ಚಿತ್ರದ ಯೋಚನೆ ಶುರುವಾಗಬೇಕಾದದ್ದು ಇಲ್ಲಿಂದಲೇ. ಸುಮ್ನೆ ಭಾನುವಾರ ಹೋಗಿ ಕಂಡದ್ದೆಲ್ಲ ತೆಗೆದುಕೊಂಡು ಬಂದರೆ, ಬೇಕಾದ ಜಾಗಕ್ಕೆ ಬೇಕಾದ ಶಾಟ್ ಇರುವುದಿಲ್ಲ.

ಮೊದಲು ಫೋಟೋಗಳು ಯಾಕೆ ಕೆಲಸ ಮಾಡಲಿಲ್ಲ ನೋಡೋಣ. ನಿಮ್ಮ 8 ನಿಮಿಷದಲ್ಲಿ ಮಾತನ್ನು ಕತ್ತರಿಸಿ ಕೂಡಿಸಿದ 34 ಜೋಡಣೆಗಳಿವೆ, ಸುಮಾರು 14 ಸೆಕೆಂಡಿಗೆ ಒಂದು. ಪ್ರತಿ ಜೋಡಣೆಯ ಮೇಲೂ ಎರಡು ಸೆಕೆಂಡಿನ ಒಂದು ಫೋಟೋ ಇಟ್ಟಿದ್ದೀರಿ. ನೋಡುವವರು ಮೂರು, ನಾಲ್ಕು ಸಲಕ್ಕೇ ಇದನ್ನು ಕಲಿತುಬಿಡುತ್ತಾರೆ. ಫೋಟೋ ಬಂತು ಎಂದರೆ ಇಲ್ಲೇನೋ ಕತ್ತರಿಸಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. ಬಟ್ಟೆಗೆ ತೇಪೆ ಹಾಕಿದ ಹಾಗೆ. ತೂತು ಮುಚ್ಚುತ್ತದೆ, ಆದರೆ ಎಲ್ಲಿ ತೂತಿತ್ತು ಎಂದು ದೂರದಿಂದಲೇ ಕಾಣುತ್ತದೆ. ಜೊತೆಗೆ ಚಿತ್ರ ಪ್ರತಿ ಸಲವೂ ಮಾತು ನಿಂತ ಕಡೆಯೇ ಬದಲಾಗುತ್ತದೆ, ಮಾತು ಶುರುವಾದ ಕಡೆಯೇ ವಾಪಸ್ ಬರುತ್ತದೆ. ಕಣ್ಣಿಗೂ ಕಿವಿಗೂ ಒಂದೇ ಕ್ಷಣದಲ್ಲಿ ಪೆಟ್ಟು ಬೀಳುತ್ತದೆ.

ಇದಕ್ಕೆ ಪರಿಹಾರ ಜಾಸ್ತಿ ತೇಪೆಯಲ್ಲ. 15ರಿಂದ 30 ಸೆಕೆಂಡ್ ತನಕ ಚಿತ್ರವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಳ್ಳುವ ಒಂದು ಕೆಲಸ ಬೇಕು. ಆ ಕೆಲಸಕ್ಕೆ ಶುರು ಇರಬೇಕು, ಕೊನೆ ಇರಬೇಕು. ನೋಡುವವರು ಅದನ್ನೇ ನೋಡುತ್ತಾ ಕೂರಬೇಕು, ಚಿಕ್ಕಪ್ಪನ ಮಾತು ಅದರ ಕೆಳಗೆ ಹರಿಯಬೇಕು. ಅಂಥ ಒಂದು ಕಂತಿನ ಕೆಳಗೆ ಐದಾರು ಜೋಡಣೆಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಬಿ ರೋಲ್ ಎಂಬ ಹೆಸರು ಬಂದದ್ದು 16 ಎಂಎಂ ಫಿಲ್ಮ್ ಕಾಲದಲ್ಲಿ. ಆಗ ಎಡಿಟ್ ಮಾಡಿದ ಫಿಲ್ಮ್ ಅನ್ನು ಎ, ಬಿ ಎಂದು ಎರಡು ಸುರುಳಿಯಾಗಿ ಕಟ್ಟುತ್ತಿದ್ದರು. ಎರಡೂ ಸೇರಿಯೇ ಒಂದು ಚಿತ್ರ. ನೀವೂ ಅದನ್ನು ಉಳಿದ ಜಾಗ ತುಂಬುವ ಸಾಮಾನು ಎಂದುಕೊಳ್ಳಬೇಡಿ.

ಈಗ ಟೈಮ್‌ಲೈನ್ ತೆರೆಯಿರಿ. ಪ್ರತಿ ಜೋಡಣೆಗೂ ಒಂದು ಮಾರ್ಕರ್ ಹಾಕಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಎಷ್ಟನೇ ನಿಮಿಷ, ಆಗ ಏನು ಹೇಳುತ್ತಿದ್ದಾರೆ ಎಂದು ಬರೆಯಿರಿ. ನಾನು ನಿಮ್ಮ ಫೈಲ್‌ಗೆ ಇದನ್ನು ಮಾಡಿದೆ. 34 ಜೋಡಣೆಗಳೂ ಒಂದೇ ಜಾತಿಯವಲ್ಲ ಎಂಬುದು ಆಗ ಕಾಣುತ್ತದೆ.

ನಾಲ್ಕನ್ನು ನೀವು ಮಾಡಲೇಬೇಕಾಗಿರಲಿಲ್ಲ. ಅಲ್ಲಿ ತೆಗೆದದ್ದು ಬರೀ ಒಂದು 'ಅಂ...', ಒಂದು ಸಣ್ಣ ತಡವರಿಕೆ. ಅದನ್ನು ವಾಪಸ್ ಹಾಕಿ. ಮನುಷ್ಯರು ಯೋಚಿಸಿ ಮಾತಾಡುವುದು ಹಾಗೇ. ಆ ಅರ್ಧ ಸೆಕೆಂಡ್ ಉಳಿಸಲು ಒಂದು ಜಿಗಿತ ತಂದುಕೊಳ್ಳುವುದು ನಷ್ಟದ ವ್ಯಾಪಾರ.

ಆರು ಕಡೆ ಫ್ರೇಮ್‌ನ ಅಳತೆ ಬದಲಿಸಿದರೆ ಸಾಕು. ತಲೆ ಜಿಗಿದ ಹಾಗೆ ಕಾಣುವುದು ಯಾಕೆಂದರೆ, ಕಟ್‌ನ ಎರಡೂ ಬದಿಯಲ್ಲಿ ಚಿತ್ರ ಬಹುತೇಕ ಒಂದೇ. ಹಿಂದಿನ ಗೋಡೆ ಅಲ್ಲೇ ಇದೆ, ಭುಜ ಅಲ್ಲೇ ಇದೆ, ತಲೆ ಮಾತ್ರ ಎರಡಿಂಚು ಪಕ್ಕಕ್ಕೆ ಹೋಗಿದೆ. ಕಣ್ಣು ಇದನ್ನು ಕಟ್ ಎಂದು ಓದುವುದಿಲ್ಲ, ಆ ವ್ಯಕ್ತಿಯೇ ಬೆಚ್ಚಿ ಅಲುಗಾಡಿದರು ಎಂದು ಓದುತ್ತದೆ. ಅಳತೆ ಅಥವಾ ಕೋನ ಸಾಕಷ್ಟು ಬದಲಾದರೆ ಬೇರೆ ಜಾಗದಿಂದ ನೋಡುತ್ತಿದ್ದೇವೆ ಎಂದು ಒಪ್ಪಿಕೊಳ್ಳುತ್ತದೆ. ಕೋನಕ್ಕೆ 30 ಡಿಗ್ರಿಯಾದರೂ ಬದಲಾಗಲಿ ಎಂಬ ಹಳೆಯ ಲೆಕ್ಕ ಹುಟ್ಟಿದ್ದು ಇದರಿಂದಲೇ. ನೀವು ಶೂಟ್ ಮಾಡಿರುವುದು 4ಕೆಯಲ್ಲಿ, ಚಿತ್ರ ಹೊರಬರುವುದು 1080ರಲ್ಲಿ. ಹಾಗಾಗಿ ಎರಡು ಪಟ್ಟು ತನಕ ಹಿಗ್ಗಿಸಿದರೂ ಚಿತ್ರ ಮಸುಕಾಗುವುದಿಲ್ಲ. 140ರಿಂದ 150 ಪ್ರತಿಶತ ಇಡಿ. 110 ಇಟ್ಟರೆ ಯಾರೋ ಟ್ರೈಪಾಡ್ ಒದ್ದ ಹಾಗೆ ಕಾಣುತ್ತದೆ, ಜಿಗಿತಕ್ಕಿಂತ ಅದೇ ಕೆಟ್ಟದ್ದು. ಹಿಗ್ಗಿಸಿದಾಗ ಕಣ್ಣುಗಳು ಫ್ರೇಮ್‌ನಲ್ಲಿ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರಲಿ. ಹತ್ತಿರ ಹೋದ ಮೇಲೆ ಆ ವಿಷಯ ಮುಗಿಯುವ ತನಕ ಹತ್ತಿರವೇ ಇರಿ. ಒಂದು ಕಟ್‌ಗೆ ಹತ್ತಿರ, ಮುಂದಿನದಕ್ಕೆ ದೂರ, ಮತ್ತೆ ಹತ್ತಿರ ಎಂದು ಆಡಿಸಿದರೆ ತಲೆ ತಿರುಗುತ್ತದೆ.

ಇನ್ನು ಏಳು ಜೋಡಣೆಗಳು ಒಂದು ವಿಷಯ ಮುಗಿದು ಇನ್ನೊಂದು ಶುರುವಾಗುವ ಕಡೆ ಇವೆ. ಇವುಗಳನ್ನು ಮುಚ್ಚಲು ಹೋಗಬೇಡಿ, ತೆರೆಯಿರಿ. ಅಲ್ಲಿ ಐದು ಸೆಕೆಂಡ್ ಮಾತೇ ಬೇಡ. ಎರಡು ಶಾಟ್, ಅದರ ಸ್ವಂತ ಸದ್ದು, ಆಮೇಲೆ ಮಾತು. ನಾವು ಎಡಿಟಿಂಗ್ ರೂಮಿನಲ್ಲಿ ಇದನ್ನು ಉಸಿರು ಎನ್ನುತ್ತೇವೆ. ನಿಮ್ಮ ಕಟ್‌ನಲ್ಲಿ ಒಂದೂ ಉಸಿರಿಲ್ಲ. ಚಿಕ್ಕಪ್ಪ ಮರದಿಂದ ಅರಗಿಗೆ, ಅರಗಿನಿಂದ ಮಾರಾಟಕ್ಕೆ ಒಂದೇ ಓಟದಲ್ಲಿ ಓಡುತ್ತಾರೆ. ಕೇಳುವವರಿಗೆ ಹೇಳಿದ್ದು ಒಳಗೆ ಇಳಿಯಲು ಸಮಯ ಬೇಕು, ಅಲ್ವಾ.

ಉಳಿದದ್ದು 17. ಇವಕ್ಕೇ ನಿಜವಾಗಿ ಮಾತಿನ ಮೇಲೆ ಹಾಸುವ ಚಿತ್ರ ಬೇಕು. ಹಾಳೆಯಲ್ಲಿ ನೋಡಿದರೆ ಇವು ಹರಡಿಲ್ಲ, ನಾಲ್ಕು ಕಡೆ ಗುಂಪಾಗಿವೆ. 1:10ರ ಹತ್ತಿರ ಐದು, ಅಲ್ಲಿ ಆಲೆ ಮರ ತಂದು ಒಣಗಿಸುವ ಮಾತು. 2:50ರಿಂದ ಏಳು, ಅರಗು ಹಚ್ಚುವ ಮಾತು. 5:05ಕ್ಕೆ ಮೂರು, ಮಾರಾಟದ ಮಾತು. 6:40ಕ್ಕೆ ಎರಡು, ಅವರ ತಂದೆಯ ನೆನಪು. ಯಾವಾಗಲೂ ಹೀಗೇ ಆಗುತ್ತದೆ. ಕೆಲಸದ ಹಂತಗಳನ್ನು ವಿವರಿಸುವಾಗ ಜನ ಹಿಂದೆ ಮುಂದೆ ಹೋಗುತ್ತಾರೆ, ಮರೆತದ್ದನ್ನು ಸೇರಿಸುತ್ತಾರೆ. ಕಟ್ ಜಾಸ್ತಿ ಬೀಳುವುದು ಅಲ್ಲೇ. ಅದೃಷ್ಟಕ್ಕೆ, ಕಣ್ಣಿಗೆ ತೋರಿಸಲು ಸಾಮಗ್ರಿ ಜಾಸ್ತಿ ಇರುವುದೂ ಅಲ್ಲೇ.

ಎಷ್ಟು ಶಾಟ್ ಎಂಬ ಲೆಕ್ಕ ಈಗ ತಾನಾಗಿ ಬರುತ್ತದೆ. ಮರಕ್ಕೆ ಐದು ಶಾಟ್, ಅರಗಿಗೆ ಏಳು, ಮಾರಾಟಕ್ಕೆ ನಾಲ್ಕು, ತಂದೆಯ ನೆನಪಿಗೆ ಒಂದು. ಅಲ್ಲಿಗೆ 17. ಏಳು ಉಸಿರುಗಳಿಗೆ ಎರಡೆರಡರಂತೆ 14. ಒಟ್ಟು 31 ಶಾಟ್ ಚಿತ್ರದಲ್ಲಿ ಕಾಣುತ್ತವೆ. ಫೋಕಸ್ ತಪ್ಪುವುದು, ಯಾರೋ ಅಡ್ಡ ಬರುವುದು ಇದ್ದೇ ಇರುತ್ತದೆ, ಹಾಗಾಗಿ ಅದರ ಎರಡು ಪಟ್ಟು, ಸುಮಾರು 60 ತೆಗೆಯಿರಿ. ಒಂದೊಂದನ್ನೂ ಕನಿಷ್ಠ ಹತ್ತು ಸೆಕೆಂಡ್ ಅಲುಗಾಡಿಸದೆ ಹಿಡಿಯಿರಿ. ಬಳಸುವುದು ನಾಲ್ಕೈದು ಸೆಕೆಂಡ್ ಮಾತ್ರ, ಆದರೆ ಹಿಂದೆ ಮುಂದೆ ಜಾಗ ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಕೈ ಕಟ್ಟಿಹಾಕಿದ ಹಾಗಾಗುತ್ತದೆ. ಎಲ್ಲ ಸೇರಿ ಹತ್ತು, ಹನ್ನೆರಡು ನಿಮಿಷದ ಫುಟೇಜ್. ಅದಕ್ಕಿಂತ ಜಾಸ್ತಿ ಬೇಡ. ನಾನು ಶುರುವಿನ ವರ್ಷಗಳಲ್ಲಿ ಒಬ್ಬ ನೇಕಾರರ ಮಾತಿಗೆ ಹನ್ನೊಂದೇ ಶಾಟ್ ಇಟ್ಟುಕೊಂಡು ಕೂತಿದ್ದೆ. ಲಾಳಿ ಓಡುವ ಒಂದೇ ಶಾಟ್ ಮೂರು ಸಲ ಹಾಕಬೇಕಾಯಿತು. ನೋಡಿದ ಮೊದಲ ವ್ಯಕ್ತಿಯೇ ಅದನ್ನು ಗುರುತಿಸಿದರು. ಆಮೇಲಿಂದ ಜೋಡಣೆಗಳನ್ನು ಎಣಿಸದೆ ಕ್ಯಾಮೆರಾ ಹಿಡಿದುಕೊಂಡು ಹೊರಟಿಲ್ಲ.

ಇನ್ನು ಅರಗಿನ ಕಂತನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಚಿತ್ರದ ಎದೆ ಅದು. ಅದೇ ರೀತಿ ಉಳಿದವನ್ನು ನೀವೇ ಮಾಡಬಲ್ಲಿರಿ.

ಅಲ್ಲಿ ಚಿಕ್ಕಪ್ಪ ಹೇಳುವುದು ಇಷ್ಟು. ಲೇತ್ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಬೇಕು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಮೂವತ್ತು ಸೆಕೆಂಡಿನ ಮಾತು, ಏಳು ಜೋಡಣೆ. ಈ ಕೆಲಸವೇ ಒಂದು ಪುಟ್ಟ ಕಥೆ. ಬರೀ ಮರ ಬಣ್ಣದ ಗೊಂಬೆಯಾಗುತ್ತದೆ. ಮೊದಲು ಏನಿತ್ತು, ಕೊನೆಗೆ ಏನಾಯಿತು ಎಂದು ಕಣ್ಣೆದುರೇ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ.

ತೊಂದರೆ ಏನೆಂದರೆ, ಸಣ್ಣ ಗೊಂಬೆಗೆ ಬಣ್ಣ ಹತ್ತುವುದು ಬಹಳ ಬೇಗ. ನೀವು ಒಂದು ಕಡೆಯಿಂದ ತೆಗೆದು, ಎದ್ದು, ಟ್ರೈಪಾಡ್ ಸರಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬಣ್ಣ ಹತ್ತಿದ ಮರವನ್ನು ಮತ್ತೆ ಬರೀ ಮರ ಮಾಡಲೂ ಆಗುವುದಿಲ್ಲ. ಹಾಗಾಗಿ ಇವತ್ತೇ ಫೋನ್ ಮಾಡಿ. ಒಂದೇ ಅಳತೆಗೆ, ಒಂದೇ ಆಕಾರಕ್ಕೆ ಕಡೆದ ಐದು ತುಂಡುಗಳನ್ನು ಬಣ್ಣ ಹಚ್ಚದೆ ಇಟ್ಟಿರಲು ಹೇಳಿ. ಐದಕ್ಕೂ ಒಂದೇ ಬಣ್ಣ ಹಚ್ಚಿಸಿ. ಪ್ರತಿ ಸಲವೂ ಅವರು ಪೂರ್ತಿ ಕೆಲಸ ಮಾಡಲಿ, ನೀವು ಪ್ರತಿ ಸಲವೂ ಬೇರೆ ಜಾಗದಲ್ಲಿ ನಿಲ್ಲಿ. ಒಂದೇ ಕ್ಯಾಮೆರಾ ಇರುವವರು ಐದು ಕ್ಯಾಮೆರಾದ ಕೆಲಸ ಮಾಡುವುದು ಹೀಗೆ.

ಮೊದಲ ತುಂಡಿಗೆ ದೂರ ನಿಲ್ಲಿ. ಚಿಕ್ಕಪ್ಪ, ಲೇತ್, ಪಕ್ಕದಲ್ಲಿ ಅರಗಿನ ಕಡ್ಡಿಗಳ ಸಾಲು, ಕಿಟಕಿ, ಎಲ್ಲ ಒಂದೇ ಫ್ರೇಮ್‌ನಲ್ಲಿ ಬರಲಿ. ಎರಡನೆಯದಕ್ಕೆ ಬರೀ ಕೈ ಮತ್ತು ಮರ. ಕಡ್ಡಿ ತಾಗುವ ಜಾಗ ಫ್ರೇಮ್ ತುಂಬಬೇಕು, ಬಣ್ಣದ ಪಟ್ಟಿ ಅಗಲವಾಗುವುದು ಕಾಣಬೇಕು. ಮೂರನೆಯದಕ್ಕೆ ಬರೀ ಮುಖ. ಕಣ್ಣು ಕೆಳಗೆ, ಕೆಲಸದ ಮೇಲೆ. ನಾಲ್ಕನೆಯದಕ್ಕೆ ಅವರ ಭುಜದ ಹಿಂದಿನಿಂದ, ಅವರಿಗೆ ಕಾಣುವ ಹಾಗೆ. ಐದನೆಯದು ತಾಳೆಗರಿಗೆ ಮೀಸಲು. ಗರಿಯನ್ನು ಎತ್ತಿಕೊಳ್ಳುವುದು, ಹಿಡಿಯುವುದು, ಹೊಳಪು ಏಳುವುದು. ಮುಖದ ಶಾಟ್ ಅನ್ನು ಎಲ್ಲರೂ ಮರೆಯುತ್ತಾರೆ, ನೀವು ಮರೆಯಬೇಡಿ. ಕೈಯಿಂದ ಕೈಗೆ ಕಟ್ ಮಾಡಿದರೆ ಕೆಲಸದಲ್ಲೇ ಮತ್ತೊಂದು ಜಿಗಿತ ಹುಟ್ಟುತ್ತದೆ. ಕೈ, ಮುಖ, ಕೈ ಎಂದು ಕಟ್ ಮಾಡಿದರೆ ನಡುವೆ ಎಷ್ಟು ಸಮಯ ಹಾರಿದರೂ ಯಾರೂ ಕೇಳುವುದಿಲ್ಲ.

ಪ್ರತಿ ಶಾಟ್‌ಗೂ ಒಂದು ಶಿಸ್ತು ಇರಲಿ. ಕ್ಯಾಮೆರಾ ಮೊದಲು ಚಾಲೂ ಆಗಲಿ, ಫ್ರೇಮ್ ಖಾಲಿ ಇರಲಿ, ಆಮೇಲೆ ಕೈ ಒಳಗೆ ಬರಲಿ. ಕೆಲಸ ಮುಗಿದು ಕೈ ಹೊರಗೆ ಹೋದ ಮೇಲೂ ಮೂರು ಸೆಕೆಂಡ್ ಹಿಡಿದಿರಿ. ಕೈ ಬರುವ ಕ್ಷಣ, ಹೋಗುವ ಕ್ಷಣ, ಇವೆರಡೂ ಎಡಿಟಿಂಗ್‌ನಲ್ಲಿ ಚಿನ್ನ. ಕಣ್ಣು ಆ ಚಲನೆಯ ಹಿಂದೆ ಹೋಗುತ್ತದೆ, ಕಟ್ ಗೊತ್ತೇ ಆಗುವುದಿಲ್ಲ. ಪ್ಯಾನ್, ಜೂಮ್ ಬೇಡ. ಚಲಿಸುತ್ತಿರುವ ಶಾಟ್ ಅನ್ನು ನಡುವೆ ಕತ್ತರಿಸಲು ಆಗುವುದಿಲ್ಲ, ಅದು ನಿಲ್ಲುವ ತನಕ ಕಾಯಬೇಕು. ಮಾತು ಕಾಯುವುದಿಲ್ಲ.

ಲೇತ್‌ನ ಒಂದೇ ಬದಿಯಲ್ಲಿ ಇರಿ. ದೂರದ ಶಾಟ್‌ನಲ್ಲಿ ಅವರು ಫ್ರೇಮ್‌ನ ಎಡಕ್ಕೆ ಮುಖ ಮಾಡಿದ್ದರೆ, ಮುಖದ ಶಾಟ್‌ನಲ್ಲೂ ಎಡಕ್ಕೇ ನೋಡಬೇಕು. ನೀವು ಎದುರು ಬದಿಗೆ ಹೋದರೆ ಬಲಗೈ ಎಡಗೈಯಾದ ಹಾಗೆ, ಮರ ಉಲ್ಟಾ ತಿರುಗಿದ ಹಾಗೆ ಕಾಣುತ್ತದೆ. ಐದೂ ಸಲ ಅದೇ ಅಂಗಿ ಇರಲಿ, ತೋಳು ಮಡಿಸಿದ್ದರೆ ಮಡಿಸಿಯೇ ಇರಲಿ. ಇನ್ನೊಂದು ಮಾತು. ಲೇತ್ ಹತ್ತಿರ ದುಪಟ್ಟಾ, ಕ್ಯಾಮೆರಾ ಪಟ್ಟಿ, ಮೈಕ್ ವೈರ್ ಯಾವುದೂ ಜೋತಾಡಬಾರದು. ತಿರುಗುವ ಮರ ಅದನ್ನು ಸುತ್ತಿಕೊಂಡರೆ ಬಿಡಿಸಲು ಸಮಯ ಇರುವುದಿಲ್ಲ. ಹತ್ತಿರದ ಶಾಟ್ ಅನ್ನು ಹತ್ತಿರ ಹೋಗಿ ತೆಗೆಯಬೇಡಿ. ದೂರ ಕೂತು ಲೆನ್ಸ್‌ನಿಂದ ಹತ್ತಿರ ತಂದುಕೊಳ್ಳಿ.

ಸೆಟ್ಟಿಂಗ್ ಎರಡನ್ನು ಮಾತ್ರ ಹೇಳುತ್ತೇನೆ. ನಿಮ್ಮ ಮಾತಿನ ಫೈಲ್ ಸೆಕೆಂಡಿಗೆ 25 ಫ್ರೇಮ್‌ನಲ್ಲಿದೆ, ಇದನ್ನೂ 25ರಲ್ಲೇ ತೆಗೆಯಿರಿ. ಶಟರ್ 1/50ಕ್ಕೆ ಲಾಕ್ ಮಾಡಿ. ನಮ್ಮ ಕರೆಂಟ್ 50 ಸೈಕಲ್‌ನದು, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಆಟೋದಲ್ಲಿ ಬಿಟ್ಟರೆ ಅದು ಬೇರೆ ಯಾವುದೋ ವೇಗಕ್ಕೆ ಹೋಗಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಸಣ್ಣ ಪರದೆಯಲ್ಲಿ ಇದು ಕಾಣುವುದು ಕಷ್ಟ. ಮೊದಲ ಶಾಟ್ ತೆಗೆದ ಕೂಡಲೇ ಹಿಂದಿನ ಗೋಡೆಯನ್ನು ಹಿಗ್ಗಿಸಿ ನೋಡಿ.

ಈಗ ಇವನ್ನು ಮಾತಿನ ಮೇಲೆ ಕೂರಿಸುವುದು. ಇಲ್ಲೇ ತೇಪೆಗೂ ಕಂತಿಗೂ ವ್ಯತ್ಯಾಸ. ಮೊದಲ ಜೋಡಣೆ 2:52ಕ್ಕೆ ಇದೆ ಎಂದುಕೊಳ್ಳಿ. ದೂರದ ಶಾಟ್ 2:52ಕ್ಕೆ ಶುರುವಾಗಬಾರದು. 2:50ಕ್ಕೆ, ಅವರು 'ಅರಗು' ಎಂಬ ಮಾತು ಎತ್ತುವ ಮೊದಲೇ ಬರಬೇಕು. ಆಗ ಚಿತ್ರ ಬದಲಾಗಲು ಕಾರಣ ಮಾತಿನ ಅರ್ಥವಾಗುತ್ತದೆ, ಕಟ್ ಅಲ್ಲ. ಮೇಲಿನ ಶಾಟ್‌ಗಳು ಬದಲಾಗುವ ಜಾಗವೂ ಕೆಳಗಿನ ಜೋಡಣೆಗಳ ಜಾಗವೂ ಒಂದರ ಮೇಲೊಂದು ಬೀಳದಿರಲಿ. ಅರ್ಧ ಸೆಕೆಂಡ್ ಆಚೀಚೆ ಇದ್ದರೂ ಸಾಕು. ಕಡ್ಡಿ ತಾಗುವ ಶಾಟ್ ಮಾತ್ರ 'ಒತ್ತಬೇಕು' ಎಂಬ ಮಾತಿಗೆ ಸರಿಯಾಗಿ ಬರಲಿ. ಉಳಿದವು ಮಾತಿಗಿಂತ ಸ್ವಲ್ಪ ಮುಂದೆ ಅಥವಾ ಹಿಂದೆ ಇರಲಿ. ಹೇಳಿದ್ದನ್ನೆಲ್ಲ ಹೇಳಿದ ಕ್ಷಣಕ್ಕೇ ತೋರಿಸಿದರೆ ಶಾಲೆಯ ಚಾರ್ಟ್ ಓದಿಸಿದ ಹಾಗಾಗುತ್ತದೆ.

ವಾಪಸ್ ಮುಖಕ್ಕೆ ಬರುವುದು ಇನ್ನೂ ಸೂಕ್ಷ್ಮ. ಕೊನೆಯ ಜೋಡಣೆ ದಾಟಿ, ಕೊನೆಯ ವಾಕ್ಯದ ನಡುವೆ ಬನ್ನಿ. 'ಆಗ ನೋಡಿ ಹೊಳಪು' ಎಂದು ಅವರು ತಲೆ ಎತ್ತುತ್ತಾರಲ್ಲ, ಅಲ್ಲಿಗೆ. ಬಂದ ಮೇಲೆ ಮುಖದ ಮೇಲೆ ಐದು ಸೆಕೆಂಡಾದರೂ ಇರಿ. ಮುಖ ಬಂದು ಒಂದೇ ಸೆಕೆಂಡಿಗೆ ಮತ್ತೆ ಬೇರೆ ಚಿತ್ರ ಬಂದರೆ, ಏನನ್ನೋ ಅಡಗಿಸುತ್ತಿದ್ದಾರೆ ಎಂದು ಅನುಮಾನ ಬರುತ್ತದೆ.

ನಿಮಗೆ ಒಂದು ದಾರಿ ಚೆನ್ನಾಗಿ ಹೊಂದುತ್ತದೆ. ನಾಲ್ಕು ಕಂತು, ಏಳು ಉಸಿರು, ಎಲ್ಲದರಲ್ಲೂ ಒಂದೇ ಗೊಂಬೆಯನ್ನು ಹಿಂಬಾಲಿಸಿ. ಶುರುವಿನಲ್ಲಿ ಅದು ಒಣಗುತ್ತಿರುವ ಆಲೆ ಮರದ ತುಂಡು. ಆಮೇಲೆ ಲೇತ್ ಮೇಲೆ ಉಳಿ ತಾಗಿ ಸಿಪ್ಪೆ ಹಾರುತ್ತದೆ. ಆಮೇಲೆ ಬಣ್ಣ, ಆಮೇಲೆ ಹೊಳಪು, ಆಮೇಲೆ ಬೇರೆ ಗೊಂಬೆಗಳ ಜೊತೆ ಪೆಟ್ಟಿಗೆಯೊಳಗೆ. ಮಾತು ಎಲ್ಲಿಗೇ ಹೋಗಲಿ, ಕಣ್ಣಿಗೆ ಒಂದು ಎಳೆ ಸಿಗುತ್ತದೆ. ಮುಂದಿನ ಸಲ ಗೊಂಬೆ ಬಂದಾಗ ನೋಡುವವರು ಅದಕ್ಕೆ ಏನಾಯಿತು ಎಂದು ನೋಡುತ್ತಾರೆ. ಎಲ್ಲಿ ಕಟ್ ಆಯಿತು ಎಂದು ನೋಡುವುದಿಲ್ಲ. ಮಾರಾಟದ ಕಂತಿಗೆ ಗಿರಾಕಿ ಬರಲಿ ಎಂದು ಯಾರನ್ನೋ ನಿಲ್ಲಿಸಬೇಡಿ. ಆವತ್ತು ಕಳಿಸಬೇಕಾದ ಆರ್ಡರ್ ಇದ್ದರೆ ಎಣಿಸಿ, ಸುತ್ತಿ, ಪೆಟ್ಟಿಗೆಗೆ ಹಾಕುವುದನ್ನು ತೆಗೆಯಿರಿ. ಇಲ್ಲದಿದ್ದರೆ ಕಪಾಟಿನ ಗೊಂಬೆಗಳನ್ನು ಅವರು ಒರೆಸಿ ಜೋಡಿಸುವುದು ಸಾಕು.

ತಂದೆಯ ನೆನಪಿಗೆ ಒಂದೇ ಶಾಟ್ ಎಂದೆ. ಅಲ್ಲಿ ಅವರ ಕಣ್ಣು ತೇವವಾಗುತ್ತದೆ, ಒಂದು ಕ್ಷಣ ಮಾತು ನಿಲ್ಲುತ್ತದೆ. ಆ ಇಪ್ಪತ್ತು ಸೆಕೆಂಡಿನ ಮೇಲೆ ದಯವಿಟ್ಟು ಯಾವ ಚಿತ್ರವನ್ನೂ ಹಾಕಬೇಡಿ. ನೀವೀಗ ಅಲ್ಲಿ ಕೆಂಪು ಗೊಂಬೆಯ ಫೋಟೋ ಹಾಕಿದ್ದೀರಿ, ಅದನ್ನು ತೆಗೆಯಿರಿ. ಎರಡು ಜೋಡಣೆಗಳೂ ಅದಕ್ಕಿಂತ ಮೊದಲೇ ಇವೆ. ತಂದೆ ಬಳಸುತ್ತಿದ್ದ ಉಳಿ ಇನ್ನೂ ಇದೆ ಎಂದು ಅವರೇ ಹೇಳುತ್ತಾರೆ. ಆ ಉಳಿ ಅವರ ಕೈಯಲ್ಲಿರುವ ಒಂದು ಉದ್ದನೆಯ ಶಾಟ್ ತೆಗೆಯಿರಿ, ಹದಿನೈದು ಸೆಕೆಂಡ್. ಅದರ ಕೆಳಗೆ ಎರಡೂ ಜೋಡಣೆ ಮುಗಿಯಲಿ, ಆಮೇಲೆ ಮುಖಕ್ಕೆ ಬಂದು ಅಲ್ಲೇ ಉಳಿಯಿರಿ.

ಸದ್ದಿನ ಮಾತಿಗೆ ಬರುತ್ತೇನೆ. ಮೇಲಿನ ಚಿತ್ರ ಕಣ್ಣಿಗೆ ಮಾತ್ರ ಪರದೆ, ಕಿವಿಗೆ ಅಲ್ಲ. 3:04ಕ್ಕೆ ವಾಕ್ಯದ ನಡುವೆ ಸ್ವರ ಮೇಲಿದೆ, ಕಟ್ ಆದ ಕೂಡಲೇ ಕೆಳಗೆ ಬೀಳುತ್ತದೆ. 5:12ಕ್ಕೆ ಚಿಕ್ಕಪ್ಪ ಎಳೆದುಕೊಂಡ ಉಸಿರು ಅರ್ಧಕ್ಕೆ ತುಂಡಾಗಿದೆ. ಇವನ್ನು ಯಾವ ಶಾಟ್ ಕೂಡ ಮುಚ್ಚುವುದಿಲ್ಲ. 3:04ಕ್ಕೆ ಕಟ್ ಅನ್ನು ಹಿಂದಿನ ವಾಕ್ಯದ ಕೊನೆಗೆ ಸರಿಸಿ. 5:12ಕ್ಕೆ ಪೂರ್ತಿ ಉಸಿರನ್ನು ವಾಪಸ್ ಹಾಕಿ. ಮಾತಾಡಿಸುವಾಗ ನೀವು ಲೇತ್ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಈಗ ಆ ಸದ್ದನ್ನು ಬೇರೆಯಾಗಿ ತಂದು ಕೆಳಗೆ ಹಾಸಬಹುದು. ಭಾನುವಾರ ಲೇತ್ ಓಡುವ ಸದ್ದನ್ನು ಎರಡು ನಿಮಿಷ ನಿಲ್ಲಿಸದೆ ರೆಕಾರ್ಡ್ ಮಾಡಿ. ಮೈಕ್ ಹತ್ತಿರ ಇಡಿ, ಯಾರೂ ಮಾತಾಡಬಾರದು. ಕಂತು ಶುರುವಾದಾಗ ಅದು ಮಾತಿನ ಅಡಿಯಲ್ಲಿ ಮೆಲ್ಲಗೆ ಇರಲಿ, ಕಂತಿನ ಉದ್ದಕ್ಕೂ ಒಂದೇ ಸಮನೆ ಹರಿಯಲಿ. ಮಾತಿನಲ್ಲಿ ಉಳಿದ ಸಣ್ಣಪುಟ್ಟ ಬಿರುಕುಗಳನ್ನು ಅದು ತುಂಬುತ್ತದೆ. ಉಸಿರಿನ ಜಾಗದಲ್ಲಿ ಅದೇ ಸದ್ದನ್ನು ಎರಡು ಸೆಕೆಂಡ್ ಜೋರು ಮಾಡಿ, ಮತ್ತೆ ಇಳಿಸಿ. ಇಳಿಯುವಾಗಲೇ ಚಿಕ್ಕಪ್ಪನ ದನಿ ಶುರುವಾಗಲಿ, ಮುಖ ಒಂದು ಸೆಕೆಂಡ್ ತಡವಾಗಿ ಬರಲಿ. ಎಡಿಟರ್‌ಗಳು ಇದನ್ನು ಜೆ ಕಟ್ ಎನ್ನುತ್ತಾರೆ. ಹೊಸ ವಿಷಯಕ್ಕೆ ಕೈ ಹಿಡಿದು ಕರೆದುಕೊಂಡು ಹೋದ ಹಾಗಿರುತ್ತದೆ. ಇದಲ್ಲದೆ, ಮಾತಾಡಿಸಿದ ಕೋಣೆಯಲ್ಲಿ ಅದೇ ಫ್ಯಾನ್ ಅದೇ ವೇಗದಲ್ಲಿ ಓಡುವಾಗ ಒಂದು ನಿಮಿಷದ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳಿ. ಮುಖ ಕಾಣುವ ಕಡೆ ಎರಡು ಮಾತಿನ ನಡುವೆ ಜಾಗ ಬಿಡಬೇಕಾದರೆ ಅದು ಬೇಕು. ಪೂರ್ತಿ ನಿಶ್ಶಬ್ದ ಇಟ್ಟರೆ ಕಿವಿಗೆ ಹಳ್ಳದಂತೆ ಕೇಳುತ್ತದೆ.

ಕೆಲವರು ಎರಡು ಸುಲಭದ ದಾರಿ ಹೇಳಬಹುದು. ಒಂದು, ಮುಖದಿಂದ ಮುಖಕ್ಕೆ ಡಿಸಾಲ್ವ್. ಮಾಡಬೇಡಿ, ಅರ್ಧ ಸೆಕೆಂಡ್ ಎರಡು ತಲೆ ಕಾಣುತ್ತವೆ. ಇನ್ನೊಂದು, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸಿಗುವ ಮಾರ್ಫ್ ಕಟ್, ಸ್ಮೂತ್ ಕಟ್ ಮುಂತಾದವು. ಅವು ಎರಡು ಚಿತ್ರಗಳ ನಡುವಿನ ಫ್ರೇಮ್‌ಗಳನ್ನು ತಾವೇ ಹೆಣೆಯುತ್ತವೆ. ತಲೆ ಹೆಚ್ಚುಕಡಿಮೆ ಅಲ್ಲೇ ಇದ್ದು, ಕೈ ಫ್ರೇಮ್‌ನಲ್ಲಿ ಇಲ್ಲದಿದ್ದರೆ ಚೆನ್ನಾಗಿ ಬರುತ್ತದೆ. ನಿಮ್ಮ ಚಿಕ್ಕಪ್ಪ ಕೈ ಆಡಿಸಿ ಮಾತಾಡುವವರು. ಬೆರಳುಗಳು ಕರಗಿದ ಮೇಣದ ಹಾಗೆ ಕಾಣುತ್ತವೆ. ನಿಮ್ಮನ್ನೇ ಕೂರಿಸಿ ತಲೆ ಆಡಿಸುವ ಶಾಟ್ ತೆಗೆದುಕೊಳ್ಳಿ ಎಂದೂ ಯಾರಾದರೂ ಹೇಳಿಯಾರು. ಟೀವಿಯಲ್ಲಿ ಅದು ರೂಢಿ. ನನಗೆ ಇಷ್ಟವಿಲ್ಲ. ಆಮೇಲೆ ಕೂತು ಕೇಳಿದ ಹಾಗೆ ಮಾಡಿದ್ದು ಮುಖದಲ್ಲಿ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಮೇಲಿನ ಚಿತ್ರ ಚೆನ್ನಾಗಿ ಕೂತಷ್ಟೂ ಕೆಳಗೆ ಏನು ಕತ್ತರಿಸಿದ್ದೀರಿ ಎಂದು ಯಾರಿಗೂ ಕಾಣುವುದಿಲ್ಲ. ಮಾರಾಟದ ಕಂತಿನಲ್ಲಿ ಚಿಕ್ಕಪ್ಪ 'ಗಿರಾಕಿ ಕಡಿಮೆ ಆದರು' ಎನ್ನುತ್ತಾರೆ, ಅಲ್ಲಿಗೆ ಕಟ್ ಆಗಿದೆ. ಅವರ ದನಿ ಅಲ್ಲಿ ಮುಗಿದಿಲ್ಲ, 'ಆದರೆ' ಎಂದು ಎಳೆಯುವಂತಿದೆ. ಪೂರ್ತಿ ರೆಕಾರ್ಡಿಂಗ್‌ನಲ್ಲಿ ಮುಂದೆ ಏನಿದೆ ಕೇಳಿ ನೋಡಿ. ಮಾತಿನ ಅರ್ಥ ತಿರುಗುವಂಥದ್ದು ಅಲ್ಲಿದ್ದರೆ ಅದನ್ನು ಸೇರಿಸಿ, ನಾಲ್ಕು ಸೆಕೆಂಡ್ ಜಾಸ್ತಿಯಾದರೂ ಪರವಾಗಿಲ್ಲ. ಎಲ್ಲ ಮುಗಿದ ಮೇಲೆ ಯಾರಿಗೂ ಕಳಿಸುವ ಮೊದಲು ಚಿಕ್ಕಪ್ಪನಿಗೆ ಒಮ್ಮೆ ತೋರಿಸಿ.

ಭಾನುವಾರದ ಕ್ರಮ ಹೀಗಿರಲಿ. ಬೆಳಿಗ್ಗೆ ಅಂಗಳದಲ್ಲಿ ಮರ ಮತ್ತು ಬಾಗಿಲು ತೆರೆಯುವುದು, ಆಗ ಬಿಸಿಲು ಓರೆಯಾಗಿರುತ್ತದೆ. ಆಮೇಲೆ ಕಡೆಯುವುದು ಮತ್ತು ಐದು ತುಂಡುಗಳ ಅರಗು, ಎರಡೂ ಒಂದೇ ಓಟಕ್ಕೆ, ಕಿಟಕಿಯ ಬೆಳಕು ಬದಲಾಗುವ ಮೊದಲು. ಇದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಊಟದ ಹೊತ್ತಿಗೆ ಲೇತ್ ನಿಂತಾಗ ಕೋಣೆಯ ಮೌನ. ಮಧ್ಯಾಹ್ನ ಉಳಿ, ಕಪಾಟು, ಪೆಟ್ಟಿಗೆ. ಕೊನೆಗೆ ಅವರು ಮಾತಾಡದೆ ಕೂತಿರುವ ಎರಡು ಶಾಟ್, ಒಂದು ಗೊಂಬೆ ನೋಡುತ್ತಾ, ಒಂದು ಬೀದಿ ನೋಡುತ್ತಾ. ಎಲ್ಲೋ ಒಂದು ಜೋಡಣೆ ಉಳಿದುಬಿಟ್ಟರೆ ಇವು ಒದಗುತ್ತವೆ. ಯಾವ ಶಾಟ್‌ನಲ್ಲೂ ಅವರ ತುಟಿ ಅಲುಗಾಡದಿರಲಿ. ಮೇಲೆ ತುಟಿ ಒಂದು ಹೇಳಿ ಕೆಳಗೆ ದನಿ ಇನ್ನೊಂದು ಹೇಳಿದರೆ ಆ ಶಾಟ್ ಬಳಸಲು ಬರುವುದಿಲ್ಲ.

ಬಸ್ ಹತ್ತುವ ಮೊದಲು ಲ್ಯಾಪ್‌ಟಾಪ್ ತೆರೆದು ಅರಗಿನ ಏಳು ಶಾಟ್‌ಗಳನ್ನು ಮಾತ್ರ ಆ ಮೂವತ್ತು ಸೆಕೆಂಡಿನ ಮೇಲೆ ಒರಟಾಗಿ ಇಟ್ಟು ನೋಡಿ. ಯಾವುದಾದರೂ ಕಡಿಮೆ ಬಿದ್ದರೆ ಚಿಕ್ಕಪ್ಪನ ಹತ್ತಿರ ಆರನೇ ತುಂಡು ಕೇಳಿ. ಹಾಗಾಗಿ ಫೋನ್ ಮಾಡುವಾಗ ಐದು ಎನ್ನಬೇಡಿ, ಏಳು ಕಡೆದಿಡಲು ಹೇಳಿ.